ಕ್ರೆಡಿಟ್ ಕಾರ್ಡ್ ಲಿಮಿಟ್ ಜಾಸ್ತಿ ಮಾಡ್ತೀವಿ ಅಂತ ಕರೆ ಬಂದಾಗ: ಮೊದಲು ಏನು ಮಾಡಬೇಕು, ಆಮೇಲೆ ಏನು

ಓಟಿಪಿ ಯಾರಿಗೂ ಹೇಳಬಾರದು ಎನ್ನುವುದು ಈಗ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಯಾವ ಅಂಗಡಿಯವರನ್ನು ಕೇಳಿದರೂ ಗೊತ್ತು. ಆದರೂ ಕಾರ್ಡಿನಿಂದ ಹಣ ಹೋಗುವುದು ನಿಂತಿಲ್ಲ. ಜನ ಎರಡು ಕಡೆ ತಪ್ಪುತ್ತಿದ್ದಾರೆ. ಓಟಿಪಿ ಹೇಳದಿದ್ದರೆ ಸಾಕು, ಕಾರ್ಡ್ ನಂಬರ್ ಮತ್ತು ಹಿಂದಿನ ಮೂರು ಅಂಕಿ ಹೇಳಿದರೆ ಏನೂ ಆಗುವುದಿಲ್ಲ ಅಂದುಕೊಳ್ಳುವುದು ಮೊದಲನೆಯದು. ಮೋಸ ಗೊತ್ತಾದ ಮೇಲೆ ಎಲ್ಲ ಕೆಲಸವನ್ನೂ ಉಲ್ಟಾ ಕ್ರಮದಲ್ಲಿ ಮಾಡುವುದು ಎರಡನೆಯದು. ಮೊದಲು ಬ್ಯಾಂಕ್ ಶಾಖೆಗೆ ಓಡುತ್ತಾರೆ, ಆಮೇಲೆ ಪೊಲೀಸ್ ಠಾಣೆಗೆ, ಕಾರ್ಡ್ ಬ್ಲಾಕ್ ಮಾಡುವುದು ಕೊನೆಗೆ. ಅಷ್ಟರಲ್ಲಿ ಕಾರ್ಡ್ ಖಾಲಿ.

ಆದ್ದರಿಂದ ಇಲ್ಲಿ ಕ್ರಮಕ್ಕೇ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಈಗಾಗಲೇ ಕಾರ್ಡ್ ವಿವರ ಹೇಳಿಬಿಟ್ಟಿದ್ದರೆ ಮೊದಲಿನ ಹಂತಗಳನ್ನೆಲ್ಲ ಬಿಟ್ಟು ನೇರವಾಗಿ ಐದನೇ ಹಂತಕ್ಕೆ ಹೋಗಿ.

## ಮೊದಲೇ ಹೊಂದಿಸಿಟ್ಟುಕೊಳ್ಳಬೇಕಾದದ್ದು

ನಿಮ್ಮ ಕಾರ್ಡ್, ಅದನ್ನು ಕೊಟ್ಟ ಬ್ಯಾಂಕಿನ ಆಪ್, ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ ಇರುವ ಫೋನ್, ಒಂದು ಚೀಟಿ, ಒಂದು ಪೆನ್ನು. ಇಷ್ಟೇ ಸಾಕು.

ಚೀಟಿಯಲ್ಲಿ ಎರಡು ನಂಬರ್ ಈಗಲೇ ಬರೆದುಕೊಳ್ಳಿ. ಒಂದು, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಬ್ಯಾಂಕಿನ ಸಹಾಯವಾಣಿ. ಅಲ್ಲಿ ಇಲ್ಲದಿದ್ದರೆ ಪ್ರತಿ ತಿಂಗಳು ಬರುವ ಬಿಲ್ಲಿನಲ್ಲಿ ಇರುತ್ತದೆ. ಇನ್ನೊಂದು, ಸೈಬರ್ ವಂಚನೆಯ ಸಹಾಯವಾಣಿ 1930. ಚೀಟಿಯನ್ನು ಗಲ್ಲಾಪೆಟ್ಟಿಗೆಯ ಮುಚ್ಚಳಕ್ಕೋ ಮನೆಯ ಕ್ಯಾಲೆಂಡರ್ ಹಿಂದೆಯೋ ಅಂಟಿಸಿ.

ಸುಮ್ನೆ ಹೇಳುತ್ತಿಲ್ಲ. ಗಾಬರಿಯಲ್ಲಿ ಜನ ಗೂಗಲ್‌ನಲ್ಲಿ ಬ್ಯಾಂಕಿನ ಹೆಸರು ಹಾಕಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಲ್ಲಿ ಕಳ್ಳರೇ ಹಾಕಿಟ್ಟ ನಂಬರ್‌ಗಳೂ ಸಿಗುತ್ತವೆ. ಒಮ್ಮೆ ಮೋಸ ಹೋದವರು ಅರ್ಧ ಗಂಟೆಯಲ್ಲಿ ಎರಡನೇ ಸಲ ಮೋಸ ಹೋಗುವುದು ಹೀಗೆ.

## ಹಂತ 1: ಆ ಮೂರು ಅಂಕಿ ಏನು ಮಾಡುತ್ತವೆ ಎಂದು ತಿಳಿದುಕೊಳ್ಳಿ

ಕಾರ್ಡಿನ ಮೇಲಿನ 16 ಅಂಕಿಗಳಲ್ಲಿ ಮೊದಲ ಆರೋ ಎಂಟೋ ಅಂಕಿಗಳು ನಿಮ್ಮವಲ್ಲ. ಅವು ಯಾವ ಬ್ಯಾಂಕ್, ಯಾವ ಬಗೆಯ ಕಾರ್ಡ್ ಎಂದು ಹೇಳುತ್ತವೆ. ಸಾವಿರಾರು ಜನರ ಕಾರ್ಡಿನಲ್ಲಿ ಅವು ಒಂದೇ ಇರುತ್ತವೆ. ವೀಸಾ ಕಾರ್ಡ್ ಅಂದರೆ 4ರಿಂದಲೇ ಶುರು. ಮಾಸ್ಟರ್‌ಕಾರ್ಡ್ ಬಹುಪಾಲು 5ರಿಂದ ಶುರು. ಹಾಗಾಗಿ ಕರೆ ಮಾಡಿದವರು "ಸರ್, ನಿಮ್ಮ ಕಾರ್ಡ್ ನಾಲ್ಕರಿಂದ ಶುರು ಆಗುತ್ತಲ್ವಾ?" ಎಂದು ಕೇಳಿ ಮುಂದಿನ ಐದು ಅಂಕಿಯನ್ನೂ ತಾವೇ ಹೇಳಿದರೆ ಬೆರಗಾಗಬೇಡಿ. ನೀವು ಯಾವ ಬ್ಯಾಂಕಿನ ಕಾರ್ಡ್ ಇಟ್ಟುಕೊಂಡಿದ್ದೀರಿ ಎನ್ನುವುದು ಗೊತ್ತಿದ್ದರೆ ಅಷ್ಟು ಯಾರು ಬೇಕಾದರೂ ಹೇಳಬಹುದು.

ಹಿಂದಿನ ಮೂರು ಅಂಕಿಯೇ ಸಿವಿವಿ. ಕಾರ್ಡ್ ಉಜ್ಜದೆ, ಆನ್‌ಲೈನ್‌ನಲ್ಲಿ ಏನಾದರೂ ಕೊಳ್ಳುವಾಗ ಕಾರ್ಡ್ ನಿಮ್ಮ ಕೈಯಲ್ಲೇ ಇದೆ ಎಂದು ತೋರಿಸಲು ಅದು ಬೇಕು. ಅದರ ಕೆಲಸ ಅಷ್ಟೇ, ಕೊಳ್ಳುವುದಕ್ಕೆ. ಲಿಮಿಟ್ ಏರಿಸುವುದು ಬ್ಯಾಂಕಿನ ಒಳಗಿನ ಕೆಲಸ. ನಿಮ್ಮ ಆದಾಯ, ಹಿಂದಿನ ಬಿಲ್ ಕಟ್ಟಿದ ರೀತಿ, ಬೇರೆ ಸಾಲ ಇವನ್ನು ನೋಡಿ ತೀರ್ಮಾನ ಮಾಡುತ್ತಾರೆ. ಅದರಲ್ಲಿ ಸಿವಿವಿಗೆ ಯಾವ ಪಾತ್ರವೂ ಇಲ್ಲ. ಕಾರ್ಡ್ ಕೊಟ್ಟ ಬ್ಯಾಂಕಿಗೆ ನಿಮ್ಮ ಕಾರ್ಡ್ ನಂಬರ್ ನಿಮ್ಮನ್ನು ಕೇಳಿ ತಿಳಿಯಬೇಕಾದ ವಿಷಯವೂ ಅಲ್ಲ. ಆದ್ದರಿಂದ "ಹಿಂದಿನ ಮೂರು ಅಂಕಿ ಹೇಳಿ" ಎಂಬ ಮಾತು ಬಂದ ಕೂಡಲೇ ಕರೆ ಕಳ್ಳರದು ಎಂದು ಖಾತ್ರಿ ಮಾಡಿಕೊಳ್ಳಬಹುದು. ಬೇರೆ ಯಾವ ಗುರುತೂ ಬೇಕಿಲ್ಲ.

ಓಟಿಪಿ ಇಲ್ಲದೆ ಹಣ ಹೇಗೆ ಹೋಗುತ್ತದೆ? ನಮ್ಮ ದೇಶದ ವೆಬ್‌ಸೈಟ್‌ಗಳಲ್ಲಿ ಕಾರ್ಡಿನಿಂದ ಕೊಳ್ಳುವಾಗ ಸಾಮಾನ್ಯವಾಗಿ ಓಟಿಪಿಯಂಥ ಎರಡನೇ ಪರೀಕ್ಷೆ ಇರಬೇಕು, ಅದು ರಿಸರ್ವ್ ಬ್ಯಾಂಕ್ ನಿಯಮ. ಹೊರದೇಶದ ಎಷ್ಟೋ ವೆಬ್‌ಸೈಟ್‌ಗಳು ಅದನ್ನು ಕೇಳುವುದೇ ಇಲ್ಲ. ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಸಿವಿವಿ ಇದ್ದರೆ ಸಾಕು, ಹಣ ಹೋಗುತ್ತದೆ. ಆಮೇಲೆ ನಿಮಗೆ ಬರುವುದು ಓಟಿಪಿ ಅಲ್ಲ, "ಇಷ್ಟು ಖರ್ಚಾಗಿದೆ" ಎನ್ನುವ ಮೆಸೇಜ್.

## ಹಂತ 2: ಇವತ್ತು ರಾತ್ರಿಯೇ ಎರಡು ಸ್ವಿಚ್ ನೋಡಿ

ಕರೆ ಬರುವ ಮೊದಲೇ ಮಾಡಿಡುವ ಈ ಕೆಲಸಕ್ಕೆ ಐದು ನಿಮಿಷ ಸಾಕು. ಇಡೀ ಬರಹದಲ್ಲಿ ಒಂದೇ ಒಂದು ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಒಂದು ಆದೇಶ ಕೊಟ್ಟಿತು. ಹೊಸ ಕಾರ್ಡ್ ಕೈಗೆ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರದಲ್ಲಿ ಮಾತ್ರ ಕೆಲಸ ಮಾಡಬೇಕು. ಆನ್‌ಲೈನ್ ಖರೀದಿ, ಹೊರದೇಶದ ವ್ಯವಹಾರ ಇವನ್ನು ಗ್ರಾಹಕರೇ ಆನ್ ಮಾಡಿಕೊಳ್ಳಬೇಕು. ಯಾವಾಗ ಬೇಕಾದರೂ ಆಫ್ ಮಾಡಲು, ಪ್ರತಿಯೊಂದಕ್ಕೂ ಮಿತಿ ಹಾಕಲು ಅವಕಾಶ ಕೊಡಬೇಕು. ಸೌಲಭ್ಯ ಚೆನ್ನಾಗಿದೆ. ಆದರೆ ಕಾರ್ಡ್ ಬಂದ ದಿನ ಎಲ್ಲ ಸ್ವಿಚ್ಚನ್ನೂ ಒಟ್ಟಿಗೆ ಆನ್ ಮಾಡಿ ಮರೆತವರೇ ಜಾಸ್ತಿ.

ಬ್ಯಾಂಕಿನ ಆಪ್ ತೆರೆದು ಕ್ರೆಡಿಟ್ ಕಾರ್ಡ್ ಭಾಗಕ್ಕೆ ಹೋಗಿ. Manage Card, Card Controls ಅಥವಾ ಇಂಥದೇ ಹೆಸರಿನ ಜಾಗ ಇರುತ್ತದೆ. ಅಲ್ಲಿ International ಎಂಬುದನ್ನು ಆಫ್ ಮಾಡಿ. ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ, ಫೀಸು ಇದೇ ಕಾರ್ಡಿನಲ್ಲಿ ಹೋಗುತ್ತದೆ ಎಂಬಂಥ ಕಾರಣ ಇದ್ದರೆ ಬೇರೆ ಮಾತು. ಇಲ್ಲದಿದ್ದರೆ ಅದು ಆನ್ ಇರಲು ಕಾರಣವೇ ಇಲ್ಲ. ಈ ಒಂದು ಸ್ವಿಚ್ ಆಫ್ ಇದ್ದರೆ ಓಟಿಪಿ ಕೇಳದ ಹೊರದೇಶದ ಖರೀದಿ ಬ್ಯಾಂಕಿನಲ್ಲೇ ತಿರಸ್ಕಾರವಾಗುತ್ತದೆ.

ಆಮೇಲೆ Online ಸ್ವಿಚ್. ವರ್ಷಕ್ಕೆ ಎರಡು ಮೂರು ಸಲ ಆನ್‌ಲೈನ್ ಕೊಳ್ಳುವವರು ಅದನ್ನೂ ಆಫ್ ಇಡಿ, ಬೇಕಾದಾಗ ಆನ್ ಮಾಡಿ. ಕರೆಂಟ್ ಬಿಲ್, ಮೊಬೈಲ್ ಬಿಲ್ಲು ಇದರಲ್ಲೇ ಕಟ್ಟುವವರಿಗೆ ಅದು ಆಗುವುದಿಲ್ಲ. ಅವರು ಆನ್ ಇಟ್ಟು ಮಿತಿಯನ್ನು ತಗ್ಗಿಸಿ, ಉದಾಹರಣೆಗೆ ₹5,000. ಹಬ್ಬಕ್ಕೆ ಫ್ರಿಜ್ ಕೊಳ್ಳುವ ದಿನ ಏರಿಸಿ, ಕೊಂಡ ಮೇಲೆ ಇಳಿಸಿ. ಇಳಿಸಲು ಮರೆಯುವುದೇ ಇಲ್ಲಿನ ಸಾಮಾನ್ಯ ತಪ್ಪು.

ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರ್ ಹಳೆಯದಾಗಿದೆಯೇ ಎಂದೂ ನೋಡಿ. ಖರ್ಚಿನ ಮೆಸೇಜ್ ಹಳೇ ಸಿಮ್ಮಿಗೆ ಹೋಗುತ್ತಿದ್ದರೆ ನಿಮಗೆ ಗೊತ್ತಾಗುವುದು ಬಿಲ್ ಬಂದ ಮೇಲೆ.

## ಹಂತ 3: ಕರೆ ಬಂದಾಗ

ಕಳ್ಳರ ಕರೆ ಹೆಚ್ಚೂಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತದೆ. ಹೆಸರು, ಬ್ಯಾಂಕಿನ ಹೆಸರು, ಕೆಲವೊಮ್ಮೆ ಊರಿನ ಹೆಸರನ್ನೂ ಹೇಳಿ ಶುರು ಮಾಡುತ್ತಾರೆ. ನಮ್ಮ ಕಡೆ ಕನ್ನಡ, ಹಿಂದಿ, ತೆಲುಗು ಮೂರೂ ನಡೆಯುತ್ತದಲ್ಲ, ನಿಮಗೆ ಯಾವುದು ಒಗ್ಗುತ್ತದೋ ಅದಕ್ಕೆ ಹೊರಳಿಕೊಳ್ಳುತ್ತಾರೆ. ನೀವು ಬಿಲ್ ಚೆನ್ನಾಗಿ ಕಟ್ಟಿದ್ದೀರಿ, ಅದಕ್ಕೇ ಲಿಮಿಟ್ ಏರಿಸುತ್ತಿದ್ದೇವೆ, ಚಾರ್ಜ್ ಏನೂ ಇಲ್ಲ, ಆಫರ್ ಇವತ್ತಿಗೆ ಮುಗಿಯುತ್ತದೆ ಎನ್ನುತ್ತಾರೆ.

ಆಮೇಲೆ ಒಂದು ಪ್ರಶ್ನೆ ಬರುತ್ತದೆ. ಇದನ್ನು ಜನ ಗಮನಿಸುವುದಿಲ್ಲ. "ಈಗ ಕಾರ್ಡಿನಲ್ಲಿ ಎಷ್ಟು ಲಿಮಿಟ್ ಉಳಿದಿದೆ, ಸರ್?" ಬ್ಯಾಂಕಿಗೆ ಅದು ಪರದೆಯ ಮೇಲೆ ಕಾಣುತ್ತದೆ, ನಿಮ್ಮನ್ನು ಕೇಳಬೇಕಿಲ್ಲ. ಎಷ್ಟಕ್ಕೆ ಎಳೆಯಬಹುದು ಎಂಬ ಲೆಕ್ಕ ಗೊತ್ತಿಲ್ಲದಿರುವುದು ಕಳ್ಳರಿಗೆ. ಉಳಿದಿರುವುದಕ್ಕಿಂತ ಜಾಸ್ತಿ ಮೊತ್ತ ಹಾಕಿದರೆ ವ್ಯವಹಾರ ತಿರಸ್ಕಾರವಾಗುತ್ತದೆ, ನಿಮಗೂ ಅನುಮಾನ ಬರುತ್ತದೆ.

ಕೊನೆಗೆ "ವೆರಿಫಿಕೇಶನ್‌ಗೆ" ಎಂದು ಕಾರ್ಡ್ ನಂಬರ್, ಅವಧಿ, ಹಿಂದಿನ ಮೂರು ಅಂಕಿ. ಅದಾದ ಮೇಲೆ ಓಟಿಪಿ. ಆದರೆ ಅದನ್ನು ಓಟಿಪಿ ಎಂದು ಕರೆಯುವುದಿಲ್ಲ. "ಅಪ್ರೂವಲ್ ಕೋಡ್" ಅಥವಾ "ಲಿಮಿಟ್ ಕೋಡ್" ಎನ್ನುತ್ತಾರೆ. ಫೋನನ್ನು ಕಿವಿಯಿಂದ ತೆಗೆದು ಆ ಮೆಸೇಜನ್ನು ಪೂರ್ತಿ ಓದಿ. ಅದರಲ್ಲಿ ಮೊತ್ತವೂ ಹಣ ಹೋಗುವ ಕಂಪನಿಯ ಹೆಸರೂ ಇರುತ್ತವೆ. ಲಿಮಿಟ್ ಏರಿಸುವ ಮೆಸೇಜಿನಲ್ಲಿ ₹39,999 ಯಾವುದೋ ವಾಲೆಟ್‌ಗೆ ಎಂದು ಯಾಕಿರುತ್ತದೆ?

ಏನು ಮಾಡಬೇಕು? ಕರೆ ಕಟ್ ಮಾಡಿ. ವಾದ ಬೇಡ, ಬೈಯುವುದೂ ಬೇಡ, "ನಾಳೆ ಮಾಡ್ರಿ" ಎನ್ನುವುದಂತೂ ಬೇಡ, ನಾಳೆ ನಿಜವಾಗಿಯೂ ಮಾಡುತ್ತಾರೆ. ಕಳ್ಳರನ್ನು ಆಟ ಆಡಿಸುತ್ತೇನೆ ಎಂದು ಸುಳ್ಳು ನಂಬರ್ ಹೇಳುತ್ತಾ ಕೂರುವ ಹುಡುಗರಿದ್ದಾರೆ. ಅದೂ ಬೇಡ. ಮಾತಿನ ನಡುವೆ ನಿಮ್ಮ ಹುಟ್ಟಿದ ದಿನ, ಮನೆಯವರ ಹೆಸರು ಬಾಯಿ ತಪ್ಪಿ ಹೋಗುತ್ತದೆ.

ನಂಬರ್ ನೋಡಿ ತಿಳಿಯಬಹುದಾ? ಸ್ವಲ್ಪ ಮಟ್ಟಿಗೆ. ಬ್ಯಾಂಕ್‌ಗಳು ಗ್ರಾಹಕರಿಗೆ ಸೇವೆಯ ಕರೆ ಮಾಡುವಾಗ 1600ರಿಂದ ಶುರುವಾಗುವ ನಂಬರ್, ಪ್ರಚಾರದ ಕರೆಗೆ 140ರಿಂದ ಶುರುವಾಗುವ ನಂಬರ್ ಬಳಸಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಹತ್ತಂಕಿಯ ಸಾಮಾನ್ಯ ಮೊಬೈಲ್ ನಂಬರ್‌ನಿಂದ "ಬ್ಯಾಂಕಿನಿಂದ ಮಾತಾಡ್ತಿದ್ದೀನಿ" ಎಂದರೆ ಅನುಮಾನ ಪಡಿ. ಆದರೆ 1600 ಎಂದು ಕಂಡಿತು ಅಂತ ಸಿವಿವಿ ಹೇಳುವ ಹಾಗಿಲ್ಲ. ಯಾವ ನಂಬರಿನಿಂದ ಬಂದ ಕರೆಗೂ ಅದನ್ನು ಹೇಳುವ ಹಾಗಿಲ್ಲ.

ವಾಟ್ಸಾಪ್‌ನಲ್ಲಿ "ಲಿಮಿಟ್ ಫಾರ್ಮ್" ಎಂದು ಫೈಲ್ ಕಳಿಸಿದರೆ ಅದರ ಹೆಸರಿನ ಕೊನೆ ನೋಡಿ. `.apk` ಎಂದಿದ್ದರೆ ಅದು ಫಾರ್ಮ್ ಅಲ್ಲ, ಆಪ್. ಹಾಕಿಕೊಂಡು ಅನುಮತಿ ಕೊಟ್ಟರೆ ನಿಮ್ಮ ಮೆಸೇಜ್‌ಗಳನ್ನು ಅದು ಓದಬಲ್ಲದು, ಆಗ ಓಟಿಪಿ ಕೇಳುವ ತೊಂದರೆಯೂ ಅವರಿಗಿಲ್ಲ. ಹಾಕಿಕೊಂಡಿದ್ದರೆ ಆ ಫೋನಿನ ಇಂಟರ್‌ನೆಟ್ ಆಫ್ ಮಾಡಿ, ಮುಂದಿನ ಹಂತಗಳನ್ನೆಲ್ಲ ಬೇರೆ ಫೋನಿನಿಂದ ಮಾಡಿ.

ಹಣ ಹೋಗಿಲ್ಲ, ಕರೆ ಮಾತ್ರ ಬಂದಿತ್ತು ಅಂದರೆ sancharsaathi.gov.in ನಲ್ಲಿ Chakshu ಎಂಬ ಭಾಗದಲ್ಲಿ ಆ ನಂಬರ್ ಬಗ್ಗೆ ದೂರು ಕೊಡಬಹುದು. 1930 ಹಣ ಹೋದವರಿಗೆ, ಇದು ಅನುಮಾನದ ಕರೆಗೆ.

## ಹಂತ 4: ಲಿಮಿಟ್ ನಿಜವಾಗಿ ಬೇಕಿದ್ದರೆ

ಈ ಕರೆಗಳಿಗೆ ಬೀಳುವವರು ದುರಾಸೆಯವರಲ್ಲ, ಅವರಿಗೆ ಲಿಮಿಟ್ ಬೇಕಿರುತ್ತದೆ. ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಮುಂಗಾರಿನ ಹೊತ್ತಿಗೆ ಬೀಜ, ಗೊಬ್ಬರದ ಅಂಗಡಿಯವರಿಗೆ ಕೈ ಬಿಗಿ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ.

ದಾರಿ ಸರಳ. ಬ್ಯಾಂಕಿನ ಆಪ್ ತೆರೆದು ಕಾರ್ಡ್ ಭಾಗದಲ್ಲಿ Limit Increase ಅಥವಾ Limit Enhancement ನೋಡಿ. ನಿಮಗೆ ಆಫರ್ ಇದ್ದರೆ ಹೊಸ ಮೊತ್ತ ಅಲ್ಲೇ ಕಾಣುತ್ತದೆ, ಒಪ್ಪಿಗೆಯನ್ನೂ ಅಲ್ಲೇ ಕೊಡಬೇಕು. ಆಫರ್ ಇಲ್ಲದಿದ್ದರೆ ಕಾರ್ಡಿನ ಹಿಂದಿನ ನಂಬರಿಗೆ ನೀವೇ ಕರೆ ಮಾಡಿ ಕೇಳಿ. ಸಂಬಳದ ಚೀಟಿಯನ್ನೋ ಆದಾಯ ತೆರಿಗೆ ರಿಟರ್ನನ್ನೋ ಕೇಳಬಹುದು. ಗ್ರಾಹಕರ ಸ್ಪಷ್ಟ ಒಪ್ಪಿಗೆ ಇಲ್ಲದೆ ಲಿಮಿಟ್ ಏರಿಸಬಾರದು ಎಂದು ರಿಸರ್ವ್ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ನಿರ್ದೇಶನ ಹೇಳುತ್ತದೆ. ಆ ಒಪ್ಪಿಗೆ ಬೇಕು ಎನ್ನುವುದನ್ನೇ ಕಳ್ಳರು ನೆಪ ಮಾಡಿಕೊಂಡು "ಒಪ್ಪಿಗೆಗೆ ಸಿವಿವಿ ಹೇಳಿ" ಎನ್ನುತ್ತಾರೆ. ಒಪ್ಪಿಗೆ ಅಂದರೆ ಹೌದು ಎನ್ನುವುದು ಅಷ್ಟೇ.

ಒಂದು ಗೊಂದಲ ಇಲ್ಲಿ ಬರುತ್ತದೆ. ನೀವೇ ಸಹಾಯವಾಣಿಗೆ ಕರೆ ಮಾಡಿದಾಗ ಕಾರ್ಡ್ ನಂಬರ್ ಒತ್ತಿ ಎಂದು ಯಂತ್ರದ ಧ್ವನಿ ಕೇಳಬಹುದು. ಅದು ಸರಿಯೇ. ನಂಬರ್ ಹಾಕಿದ್ದು ನೀವು, ಒತ್ತುತ್ತಿರುವುದು ಕೀಲಿಯನ್ನು, ಮನುಷ್ಯರಿಗೆ ಬಾಯಲ್ಲಿ ಹೇಳುತ್ತಿಲ್ಲ.

## ಹಂತ 5: ಹೇಳಿಬಿಟ್ಟಿದ್ದರೆ, ಮೊದಲು ಬ್ಲಾಕ್

ಒಂದು ಪ್ರಕರಣ ಇಟ್ಟುಕೊಂಡು ನೋಡೋಣ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಒಂದು ಸಣ್ಣ ಘಟಕದ ಮಾಲೀಕರು ಎಂದುಕೊಳ್ಳಿ. ಕಾರ್ಡಿನ ಲಿಮಿಟ್ ₹60,000. ಬಟ್ಟೆಗೆ, ಜಿಪ್ಪಿಗೆ ಎಂದು ₹14,000 ಬಳಸಿದ್ದಾರೆ, ಉಳಿದದ್ದು ₹46,000. ಬೆಳಿಗ್ಗೆ 11:20ಕ್ಕೆ ಕರೆ ಬರುತ್ತದೆ, ಲಿಮಿಟ್ ಎರಡು ಲಕ್ಷ ಮಾಡುತ್ತೇವೆ ಎಂದು. ಉಳಿದದ್ದೆಷ್ಟು ಎಂದು ಕೇಳಿದಾಗ ಹೇಳುತ್ತಾರೆ. ಕಾರ್ಡ್ ನಂಬರ್, ಅವಧಿ, ಸಿವಿವಿಯನ್ನೂ ಹೇಳುತ್ತಾರೆ. 11:26ಕ್ಕೆ ಹೊರದೇಶದ ಒಂದು ವೆಬ್‌ಸೈಟಿಗೆ ₹3,900 ಹೋಗುತ್ತದೆ, ಓಟಿಪಿ ಇಲ್ಲದೆ. ಮಾತಿನ ಭರದಲ್ಲಿ ಆ ಮೆಸೇಜ್ ನೋಡುವುದಿಲ್ಲ. 11:29ಕ್ಕೆ ಬಂದ ಕೋಡ್ ಹೇಳುತ್ತಾರೆ. ₹39,999 ಒಂದು ವಾಲೆಟ್‌ಗೆ ಹೋಗುತ್ತದೆ. ಉಳಿದದ್ದು ₹2,101. "ಇನ್ನೊಂದು ಕೋಡ್ ಬರುತ್ತೆ ನೋಡಿ ಸರ್" ಎಂದಾಗ ಅನುಮಾನ ಬಂದು ಕರೆ ಕಟ್ ಮಾಡುತ್ತಾರೆ.

ಈಗ ಗಡಿಯಾರ 11:31. ಶಾಖೆಗೆ ಹೋಗಬಾರದು, ಗೆಳೆಯರಿಗೆ ಫೋನ್ ಹಚ್ಚಬಾರದು, ಕಳ್ಳರಿಗೆ ಮತ್ತೆ ಕರೆ ಮಾಡಿ ಬೇಡಿಕೊಳ್ಳಬಾರದು. ಬ್ಯಾಂಕಿನ ಆಪ್‌ನಲ್ಲಿ ಕಾರ್ಡನ್ನು ಕೂಡಲೇ ಲಾಕ್ ಮಾಡಬೇಕು. ಅದು ಅರ್ಧ ನಿಮಿಷದ ಕೆಲಸ. ಆಪ್ ಇಲ್ಲದಿದ್ದರೆ ನೇರವಾಗಿ ಸಹಾಯವಾಣಿಗೆ ಕರೆ.

ಲಾಕ್ ಆದ ಮೇಲೆ ಸಹಾಯವಾಣಿಗೆ ಕರೆ ಮಾಡಿ, ಕಾರ್ಡನ್ನು ಪೂರ್ತಿ ಬ್ಲಾಕ್ ಮಾಡಿ, ಹೊಸ ನಂಬರಿನ ಕಾರ್ಡ್ ಕೊಡಿ ಎಂದು ಹೇಳಿ. ಇವೆರಡೂ ಒಂದೇ ಅಲ್ಲ. ಲಾಕ್ ತಾತ್ಕಾಲಿಕ, ನಂಬರ್ ಹಳೆಯದೇ. ಒಂದು ವಾರ ಬಿಟ್ಟು ಏನೂ ಆಗಲಿಲ್ಲ ಎಂದು ಲಾಕ್ ತೆಗೆದವರು ಆಮೇಲೆ ಹಣ ಕಳೆದುಕೊಳ್ಳಬಹುದು, ಯಾಕೆಂದರೆ ಆ ನಂಬರ್ ಇನ್ನೂ ಕಳ್ಳರ ಬಳಿ ಇದೆ. ನೀವು ಬರೀ ಸಿವಿವಿ ಹೇಳಿದ್ದೀರಿ, ಒಂದು ರೂಪಾಯಿಯೂ ಹೋಗಿಲ್ಲ ಅಂದರೂ ಕಾರ್ಡ್ ಬದಲಿಸಲೇಬೇಕು.

ಅದೇ ಕರೆಯಲ್ಲಿ ಎರಡೂ ವ್ಯವಹಾರ ನಾನು ಮಾಡಿದ್ದಲ್ಲ, ವಂಚನೆ ಎಂದು ದಾಖಲಿಸಲು ಹೇಳಿ. ದೂರಿನ ನಂಬರ್ ಕೇಳಿ ಚೀಟಿಯಲ್ಲಿ ಬರೆಯಿರಿ, ಪಕ್ಕದಲ್ಲಿ ಸಮಯವನ್ನೂ. ನಮ್ಮ ಪ್ರಕರಣದಲ್ಲಿ ಅದು 11:38 ಎಂದುಕೊಳ್ಳಿ. ಆ ಸಮಯ ಯಾಕೆ ಬೇಕು? ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಗ್ರಾಹಕರೇ ಗುಟ್ಟಿನ ವಿವರ ಹೇಳಿ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು. ಬ್ಯಾಂಕ್ 11:38ಕ್ಕೆ ದೂರು ಬರೆದುಕೊಂಡ ಮೇಲೆ 11:45ಕ್ಕೆ ಇನ್ನೊಂದು ವ್ಯವಹಾರ ನಡೆದರೆ ಅದನ್ನು ನೀವು ತುಂಬಬೇಕಿಲ್ಲ. ಶಾಖೆಗೆ ಹೋಗಿ ಸಾಲಿನಲ್ಲಿ ನಿಂತು ಒಂದು ಗಂಟೆಗೆ ತಿಳಿಸಿದ್ದರೆ ಅದೂ ನಿಮ್ಮ ತಲೆಗೇ.

ಬ್ಲಾಕ್ ಆಗುವ ಮೊದಲು ಒಪ್ಪಿಗೆ ಪಡೆದಿದ್ದ ವ್ಯವಹಾರವನ್ನು ಬ್ಲಾಕ್ ತಡೆಯುವುದಿಲ್ಲ. ಆಪ್‌ನಲ್ಲಿ Pending ಎಂದು ಕಾಣುವ ಮೊತ್ತ ಎರಡು ಮೂರು ದಿನದಲ್ಲಿ ಬಿಲ್ಲಿಗೆ ಸೇರುತ್ತದೆ. ಅದನ್ನು ನೋಡಿ ಬ್ಲಾಕ್ ಕೆಲಸ ಮಾಡಿಲ್ಲ ಎಂದು ಗಾಬರಿಯಾಗಬೇಡಿ.

## ಹಂತ 6: ತಕ್ಷಣ 1930

ಬ್ಯಾಂಕಿನ ಕರೆ ಮುಗಿದ ಕೂಡಲೇ 1930. ಸಹಾಯವಾಣಿಯಲ್ಲಿ ಹತ್ತು ನಿಮಿಷ ಕಾದರೂ ಸಂಪರ್ಕ ಸಿಗದಿದ್ದರೆ, ಕಾರ್ಡ್ ಆಪ್‌ನಲ್ಲಿ ಲಾಕ್ ಆಗಿದ್ದರೆ, ಇದನ್ನೇ ಮೊದಲು ಮಾಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಎರಡು ಫೋನಿನಿಂದ ಎರಡೂ ಕೆಲಸ ಒಟ್ಟಿಗೇ ನಡೆಯಲಿ.

ಕಾರಣ ಇಷ್ಟು. ₹39,999 ವಾಲೆಟ್‌ಗೆ ಹೋದ ಕ್ಷಣಕ್ಕೇ ಮಾಯವಾಗುವುದಿಲ್ಲ. ಅಲ್ಲಿಂದ ಬೇರೆ ಖಾತೆಗೆ, ಅಲ್ಲಿಂದ ಎಟಿಎಂಗೆ ಸಾಗುತ್ತದೆ. 1930ಕ್ಕೆ ಬಂದ ದೂರು ಆ ಸರಣಿಯ ಬ್ಯಾಂಕ್ ಮತ್ತು ವಾಲೆಟ್ ಕಂಪನಿಗಳಿಗೆ ಆನ್‌ಲೈನ್‌ನಲ್ಲೇ ತಲುಪುತ್ತದೆ. ಹಣ ಇನ್ನೂ ಎಲ್ಲಾದರೂ ನಿಂತಿದ್ದರೆ ಅದನ್ನು ಅಲ್ಲೇ ತಡೆಯುತ್ತಾರೆ. ಓಟಿಪಿ ಹೇಳಿ ಹೋದ ಹಣಕ್ಕೆ ಇರುವ ಒಳ್ಳೆಯ ಆಸೆ ಇದೊಂದೇ, ನೇರವಾಗಿ ಹೇಳುತ್ತಿದ್ದೇನೆ.

ಕರೆ ಮಾಡುವಾಗ ಬ್ಯಾಂಕಿನ ಹೆಸರು, ಪ್ರತಿ ವ್ಯವಹಾರದ ಮೊತ್ತ, ಸಮಯ, ಹಣ ಹೋದ ಕಂಪನಿಯ ಹೆಸರು, ಮೆಸೇಜ್ ಅಥವಾ ಆಪ್‌ನಲ್ಲಿ ಕಾಣುವ ವ್ಯವಹಾರದ ನಂಬರ್, ಕರೆ ಬಂದ ಫೋನ್ ನಂಬರ್ ಎದುರಿಗಿರಲಿ. 1930 ಕೂಡ ನಿಮ್ಮ ಸಿವಿವಿ, ಪಿನ್, ಓಟಿಪಿ ಕೇಳುವುದಿಲ್ಲ. ದೂರು ದಾಖಲಾದ ಮೇಲೆ ಮೊಬೈಲಿಗೆ ಒಂದು ದೂರು ಸಂಖ್ಯೆ ಬರುತ್ತದೆ. ಅದನ್ನಿಟ್ಟುಕೊಂಡು cybercrime.gov.in ನಲ್ಲಿ ಉಳಿದ ವಿವರ ತುಂಬಿ ದೂರನ್ನು ಪೂರ್ತಿ ಮಾಡಿ. ಒಂದು ದಿನದೊಳಗೆ ಮುಗಿಸಿ. ಫೋನಿನಲ್ಲಿ ಹೇಳಿದೆವು, ಆಯಿತು ಎಂದು ಇಲ್ಲಿಗೇ ಬಿಡುವವರು ತುಂಬಾ ಜನ.

ಪೊಲೀಸ್ ಠಾಣೆ ಇದಾದ ಮೇಲೆ. ಮೂರೂ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆ ಇದೆ. ಆದರೆ ಸಿಂಧನೂರಿನವರು ರಾಯಚೂರಿಗೆ, ಕುಷ್ಟಗಿಯವರು ಕೊಪ್ಪಳಕ್ಕೆ ಬಸ್ ಹತ್ತಿ ಮುಟ್ಟುವಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ. ಮೊದಲು ಫೋನ್, ಆಮೇಲೆ ಬಸ್.

ಮೆಸೇಜ್, ಕರೆಯ ಪಟ್ಟಿ, ವಾಟ್ಸಾಪ್ ಮಾತು ಯಾವುದನ್ನೂ ಅಳಿಸಬೇಡಿ. ಮನೆಯವರು ಬೈಯುತ್ತಾರೆ ಎಂದು ಅಳಿಸುವವರಿದ್ದಾರೆ. ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋನಿಗೂ ಕಳಿಸಿಡಿ.

## ಹಂತ 7: ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು

ಅದೇ ದಿನ ಬ್ಯಾಂಕಿನ ಅಧಿಕೃತ ಇಮೇಲ್‌ಗೆ ಅಥವಾ ಆಪ್‌ನ Dispute ಭಾಗದಲ್ಲಿ ಬರೆದು ಹಾಕಿ. ಶಾಖೆಗೆ ಹೋಗುವುದಿದ್ದರೆ ಈಗ ಹೋಗಿ, ಪತ್ರ ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಇಲ್ಲಿ ದೊಡ್ಡ ತಪ್ಪು ಎಂದರೆ "₹43,899 ಹೋಗಿದೆ, ವಾಪಸ್ ಕೊಡಿ" ಎಂದು ಒಟ್ಟು ಮೊತ್ತ ಬರೆಯುವುದು. ನಮ್ಮ ಪ್ರಕರಣದ ಎರಡು ವ್ಯವಹಾರಗಳು ಬೇರೆ ಬೇರೆ ಜಾತಿಯವು. ₹3,900 ಓಟಿಪಿ ಇಲ್ಲದೆ ಹೋಗಿದೆ. ಅಂಥದ್ದಕ್ಕೆ ಬ್ಯಾಂಕ್ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದ ಮೂಲಕ ಆ ವ್ಯಾಪಾರಿಯಿಂದ ಹಣ ವಾಪಸ್ ಕೇಳಬಹುದು, ಅದನ್ನು ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಎರಡನೇ ಪರೀಕ್ಷೆ ಮಾಡದೆ ಹಣ ತೆಗೆದುಕೊಂಡ ವ್ಯಾಪಾರಿಯೇ ಸಾಮಾನ್ಯವಾಗಿ ಹೊಣೆ ಹೊರಬೇಕಾಗುತ್ತದೆ. ₹39,999ಕ್ಕೆ ಓಟಿಪಿ ಬಳಕೆಯಾಗಿದೆ, ಅಲ್ಲಿ ಆ ವಾದ ನಿಲ್ಲುವುದು ಕಷ್ಟ. ಎರಡನ್ನೂ ಸೇರಿಸಿ ಬರೆದರೆ "ಗ್ರಾಹಕರು ಓಟಿಪಿ ಹೇಳಿದ್ದಾರೆ" ಎಂಬ ಒಂದೇ ಉತ್ತರದಲ್ಲಿ ಎರಡೂ ಮುಳುಗುತ್ತವೆ.

ಪತ್ರ ಹೀಗಿದ್ದರೆ ಸಾಕು:

> ನನ್ನ ಕ್ರೆಡಿಟ್ ಕಾರ್ಡ್ (ಕೊನೆಯ ನಾಲ್ಕು ಅಂಕಿ ____) ಬಗ್ಗೆ ದಿನಾಂಕ ____ ರಂದು ಬೆಳಿಗ್ಗೆ 11:20ಕ್ಕೆ ____ ನಂಬರಿನಿಂದ ಕರೆ ಬಂತು. ನಿಮ್ಮ ಬ್ಯಾಂಕಿನವರು ಎಂದು ನಂಬಿಸಿ, ಲಿಮಿಟ್ ಏರಿಸುವ ಹೆಸರಿನಲ್ಲಿ ಕಾರ್ಡ್ ವಿವರ ಪಡೆದರು. ನಾನು 11:38ಕ್ಕೆ ನಿಮ್ಮ ಸಹಾಯವಾಣಿಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿದ್ದೇನೆ. ದೂರಿನ ಸಂಖ್ಯೆ ____. 1930ರ ದೂರು ಸಂಖ್ಯೆ ____.
>
> ವ್ಯವಹಾರ 1: 11:26, ₹3,900, ಹೊರದೇಶದ ವ್ಯಾಪಾರಿ ____. ಇದಕ್ಕೆ ಓಟಿಪಿ ಬಂದಿಲ್ಲ, ನಾನು ಒಪ್ಪಿಗೆ ಕೊಟ್ಟಿಲ್ಲ. ಚಾರ್ಜ್‌ಬ್ಯಾಕ್ ಕೋರುತ್ತೇನೆ.
>
> ವ್ಯವಹಾರ 2: 11:29, ₹39,999, ವಾಲೆಟ್ ____. ವಂಚನೆಯಿಂದ ಕೋಡ್ ಪಡೆದಿದ್ದಾರೆ. ಹಣ ತಡೆಹಿಡಿಯಲು ಆ ಕಂಪನಿಗೆ ಕೂಡಲೇ ತಿಳಿಸಿ, ಅದರ ಉತ್ತರವನ್ನು ನನಗೆ ಕೊಡಿ.

ನಾನು ಯಾರಿಗೂ ಏನೂ ಹೇಳಿಲ್ಲ ಎಂದು ಬರೆಯಬೇಡಿ. ಓಟಿಪಿ ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಳಕೆಯಾಯಿತು ಎಂಬ ದಾಖಲೆ ಬ್ಯಾಂಕಿನಲ್ಲಿದೆ. ಒಂದು ಸುಳ್ಳು ಸಿಕ್ಕರೆ ನಿಜವಾದ ₹3,900ರ ವಾದವೂ ಸಡಿಲವಾಗುತ್ತದೆ.

## ಹಂತ 8: ಬಿಲ್ ಬಂದಾಗ ಮತ್ತು ಆಮೇಲೆ

ಸಿಟ್ಟಿನಲ್ಲಿ ಇಡೀ ಬಿಲ್ ಕಟ್ಟದೆ ಬಿಡುವುದು ತಪ್ಪು. ನೀವು ನಿಜವಾಗಿ ಖರ್ಚು ಮಾಡಿದ ₹14,000ವನ್ನು ದಿನ ತಪ್ಪದೆ ಕಟ್ಟಿ. ವಂಚನೆ ಎಂದು ದೂರು ಕೊಟ್ಟ ವ್ಯವಹಾರಕ್ಕೆ ವಿವಾದ ಮುಗಿಯುವವರೆಗೆ ಯಾವ ಚಾರ್ಜನ್ನೂ ಹಾಕಬಾರದು ಎಂದು ರಿಸರ್ವ್ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ನಿರ್ದೇಶನದಲ್ಲೇ ಇದೆ. ಹಾಕಿದ್ದರೆ ಆ ನಿರ್ದೇಶನದ ಹೆಸರು ಹೇಳಿ ಇಮೇಲ್ ಮಾಡಿ. ದೂರು ತಿರಸ್ಕಾರವಾದರೆ ಮಾತ್ರ ಆ ಮೊತ್ತದ ಬಗ್ಗೆ ಯೋಚಿಸಬೇಕಾಗುತ್ತದೆ. ಬಡ್ಡಿ ಏರುತ್ತದೆ ಎಂಬ ಭಯಕ್ಕೆ ಮೊದಲೇ ಕಟ್ಟಿಬಿಟ್ಟವರು ದೂರನ್ನು ವಾಪಸ್ ಪಡೆಯಬೇಕಿಲ್ಲ, ವಿವಾದ ಬಾಕಿ ಇಟ್ಟುಕೊಂಡೇ ಕಟ್ಟಿದ್ದೇನೆ ಎಂದು ಒಂದು ಸಾಲು ಬರೆದು ಕಳಿಸಲಿ.

ಈ ನಡುವೆ ಇನ್ನೊಂದು ಕರೆ ಬರಬಹುದು. "ಸೈಬರ್ ಸೆಲ್‌ನಿಂದ, ನಿಮ್ಮ ಹಣ ಸಿಕ್ಕಿದೆ, ವಾಪಸ್ ಹಾಕಲು ಹೊಸ ಕಾರ್ಡಿನ ನಂಬರ್ ಹೇಳಿ" ಅಥವಾ "ಮೊದಲು ₹2,000 ಫೀಸು ಕಟ್ಟಿ" ಎಂದು. ನಿಮ್ಮ ಹೆಸರು, ಹೋದ ಮೊತ್ತ ಎರಡೂ ಸರಿಯಾಗಿ ಹೇಳುತ್ತಾರೆ. ಯಾಕೆ ಹೇಳಲಾರರು, ಕದ್ದವರು ಅವರೇ ಅಲ್ವಾ? ವಾಪಸ್ ಬರುವ ಹಣಕ್ಕೆ ನೀವು ಮೊದಲು ದುಡ್ಡು ಕಟ್ಟಬೇಕಿಲ್ಲ. ತಡೆದ ಹಣ ಬಿಡಿಸುವ ಕೆಲಸ ಠಾಣೆಯ ಮೂಲಕ, ಅಗತ್ಯವಿದ್ದರೆ ನ್ಯಾಯಾಲಯದ ಮೂಲಕ ನಡೆಯುತ್ತದೆ. ಅಂಥ ಕರೆ ಬಂದರೆ ನಿಮ್ಮ 1930 ದೂರು ಸಂಖ್ಯೆ ಹಿಡಿದು ಠಾಣೆಯಲ್ಲೇ ವಿಚಾರಿಸಿ.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕ್‌ಗಳ ಮೇಲಿನ ದೂರು ನೋಡುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಬ್ಯಾಂಕಿಗೆ ಮೊದಲು ಬರೆದ ಪತ್ರ ಇಲ್ಲದೆ ಅಲ್ಲಿ ದೂರು ನಿಲ್ಲುವುದಿಲ್ಲ, ಹಾಗಾಗಿ ಏಳನೇ ಹಂತದ ಇಮೇಲ್ ಅಥವಾ ಸೀಲು ಹಾಕಿದ ಪ್ರತಿಯನ್ನು ಜೊತೆಗೆ ಲಗತ್ತಿಸಿ. ದೂರಿನಲ್ಲಿ 11:26, 11:29, 11:38 ಎಂಬಂತೆ ಸಮಯದ ಕ್ರಮದಲ್ಲೇ ಬರೆಯಿರಿ. ಹೊಸ ಕಾರ್ಡ್ ಅಂಚೆಯಲ್ಲಿ ಬಂದ ದಿನ ಎರಡನೇ ಹಂತಕ್ಕೆ ಹೋಗಿ ಎರಡೂ ಸ್ವಿಚ್ ನೋಡಿ. ಹಳೆಯ ಕಾರ್ಡಿನ ಸೆಟ್ಟಿಂಗ್ ಹೊಸದಕ್ಕೆ ಹಾಗೇ ಬಂದಿದೆ ಎಂದುಕೊಳ್ಳಬೇಡಿ.